ಟಚ್‌ಪ್ಯಾಡ್ ಕೆಟ್ಟಿದೆಯೆಂದು ರಿಪೇರಿಗೆ ಕೊಟ್ಟೆ, ಊದಿದ್ದು ಬ್ಯಾಟರಿ

ನಾಲ್ಕು ವರ್ಷ ಹಳೆಯದಾದ ನನ್ನ ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಕಳೆದ ಮಾರ್ಚ್‌ನಲ್ಲಿ ಇದ್ದಕ್ಕಿದ್ದಂತೆ ಬಿಗಿಯಾಯಿತು. ಮೊದಲು ಬೆರಳು ತಾಗಿಸಿದರೆ ಸಾಕಿತ್ತು, ಈಗ ಒತ್ತಿ ಹಿಡಿದರೂ ಕ್ಲಿಕ್ ಆಗುತ್ತಿರಲಿಲ್ಲ, ಕೆಲವೊಮ್ಮೆ ನಾನು ಮುಟ್ಟದೆಯೇ ತಾನಾಗಿ ಕ್ಲಿಕ್ ಆಗುತ್ತಿತ್ತು. ಧೂಳು ಸೇರಿರಬೇಕೆಂದು ಅಂಚುಗಳನ್ನು ಬ್ರಷ್‌ನಿಂದ ಒರೆಸಿದೆ. ಅದೇ ವಾರ ಮಗಳು ಅದರಲ್ಲಿ ಟೈಪ್ ಮಾಡುತ್ತ, "ಅಪ್ಪಾ, ಇದು ಟೇಬಲ್ ಮೇಲೆ ತೂಗಾಡ್ತಾ ಇದೆ ನೋಡು" ಎಂದಳು. ತಳದ ರಬ್ಬರ್ ಪಾದವೊಂದು ಸವೆದಿರಬಹುದೆಂದು ಮಡಚಿದ ಕಾಗದವನ್ನು ಅಡಿಗಿಟ್ಟು ಸುಮ್ಮನಾದೆ.

ಹತ್ತು ದಿನಗಳ ನಂತರ ಮುಚ್ಚಳ ಪೂರ್ತಿ ಮುಚ್ಚದಾದಾಗ ಮಾಡಿದ ತಪ್ಪನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಲ್ಯಾಪ್‌ಟಾಪ್‌ನ ಮೈ ಬಾಗಿದೆ, ಭಾರ ಹೇರಿದರೆ ಸರಿಹೋಗುತ್ತದೆ ಎಂದುಕೊಂಡು ದಪ್ಪದೊಂದು ನಿಘಂಟನ್ನು ರಾತ್ರಿಯಿಡೀ ಅದರ ಮೇಲಿಟ್ಟು, ಚಾರ್ಜರನ್ನೂ ತೆಗೆಯದೆ ಮಲಗಿದ್ದೆ. ಮರುದಿನ ಅಂಗಡಿಯೊಂದಕ್ಕೆ ಕೊಂಡೊಯ್ದಾಗ ಅಲ್ಲಿಯವರು ತಳವನ್ನು ಬಿಚ್ಚದೆ, ಸಡಿಲವಾಗಿದ್ದ ಸ್ಕ್ರೂಗಳನ್ನು ಬಲವಾಗಿ ತಿರುಗಿಸಿ ಬಿಗಿದು, ಟಚ್‌ಪ್ಯಾಡ್ ಬದಲಿಸಬೇಕಾದೀತು ಎಂದು ಹೇಳಿ ಕಳುಹಿಸಿದರು. ಎರಡು ದಿನಗಳಲ್ಲಿ ಟಚ್‌ಪ್ಯಾಡ್‌ನ ಗಾಜು ನಡುವೆ ಸೀಳಿತು. ಇನ್ನೊಬ್ಬ ರಿಪೇರಿಯವರು ತಳವನ್ನು ಬಿಚ್ಚಿ ತೋರಿಸಿದಾಗ ಒಳಗಿದ್ದ ಬ್ಯಾಟರಿಯ ಮೂರು ಸೆಲ್‌ಗಳಲ್ಲಿ ಎರಡು ಪೂರಿಯಂತೆ ಉಬ್ಬಿ, ಟಚ್‌ಪ್ಯಾಡನ್ನು ಒಳಗಿನಿಂದ ಮೇಲಕ್ಕೆ ನೂಕುತ್ತಿದ್ದವು.

ಬಹುತೇಕ ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಇರುವುದು ಅಂಗೈ ಊರುವ ಜಾಗದ ಕೆಳಗೆ, ಟಚ್‌ಪ್ಯಾಡ್‌ಗೆ ತಾಗಿದಂತೆ. ಆದುದರಿಂದ ಅದು ಊದಿದಾಗ ಮೊದಲು ದೂರು ಬರುವುದು ಬ್ಯಾಟರಿಯಿಂದಲ್ಲ, ಟಚ್‌ಪ್ಯಾಡ್‌ನಿಂದ. ಚಾರ್ಜ್ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರಿಂದ ಇದನ್ನು ಅಳೆಯಲಾಗದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕೆಳಗಿನ ಆದೇಶವನ್ನು ಕೊಟ್ಟರೆ ಬ್ಯಾಟರಿಯ ಮೂಲ ಸಾಮರ್ಥ್ಯವೆಷ್ಟು, ಈಗ ತುಂಬಿಕೊಳ್ಳುವುದೆಷ್ಟು ಎಂಬ ವರದಿ ಸಿಗುತ್ತದೆ.

```
powercfg /batteryreport
```

ನನ್ನ ವರದಿಯಲ್ಲಿ ಸಾಮರ್ಥ್ಯ ಮೂರನೆಯ ಒಂದು ಭಾಗದಷ್ಟು ಕುಸಿದಿತ್ತು, ನಾಲ್ಕು ವರ್ಷದ ಬ್ಯಾಟರಿಗೆ ಅದು ಅಸಹಜವೆನಿಸಲಿಲ್ಲ. ಊದಿದೆ ಎಂಬುದನ್ನು ಯಾವ ವರದಿಯೂ ಹೇಳಲಿಲ್ಲ, ಏಕೆಂದರೆ ದಪ್ಪವನ್ನು ಅಳೆಯುವ ಸಾಧನವೇ ಒಳಗಿರುವುದಿಲ್ಲ. ಕಣ್ಣು ಮತ್ತು ಕೈಯನ್ನೇ ನಂಬಬೇಕು. ಗಾಜಿನ ಟೇಬಲ್‌ನಂಥ ಸಮತಟ್ಟಾದ ಜಾಗದಲ್ಲಿ ಮುಚ್ಚಿದ ಲ್ಯಾಪ್‌ಟಾಪನ್ನು ಇಟ್ಟು ಮೂಲೆಗಳನ್ನು ಮೆಲ್ಲಗೆ ತಟ್ಟಿದರೆ ಅದು ತೂಗಬಾರದು, ಅಂಚಿನ ಜೋಡಣೆಯಲ್ಲಿ ಉಗುರು ತೂರುವಷ್ಟು ಸಂದು ಕಾಣಬಾರದು. ಫೋನ್ ಆದರೆ ಪರದೆಯ ಒಂದು ಬದಿ ಎದ್ದಿರುತ್ತದೆ, ಇಲ್ಲವೇ ಹಿಂಬದಿಯ ಮುಚ್ಚಳ ಅಂಟು ಬಿಟ್ಟಿರುತ್ತದೆ. ಉಗುರು ಬಣ್ಣ ಅಳಿಸುವ ದ್ರಾವಣದಂಥ ಸಿಹಿಮಿಶ್ರಿತ ವಾಸನೆ ಬಂದರೆ ಸೆಲ್ ಸೋರುತ್ತಿರಬಹುದು, ಆಗ ಪರೀಕ್ಷಿಸುತ್ತ ಕೂರಬಾರದು.

ಉಬ್ಬಿಗೆ ಕಾರಣ ಒಳಗೆ ಹುಟ್ಟುವ ಅನಿಲ. ಈ ಲಿಥಿಯಂ-ಅಯಾನ್ ಸೆಲ್‌ಗಳಿಗೆ ಗಟ್ಟಿ ಲೋಹದ ಡಬ್ಬಿ ಇರುವುದಿಲ್ಲ. ಅಲ್ಯೂಮಿನಿಯಂ ಪದರವಿರುವ ತೆಳುವಾದ ಚೀಲದೊಳಗೆ ಎರಡು ಧ್ರುವಗಳ ಹಾಳೆಗಳು, ಅವುಗಳ ನಡುವೆ ತಲೆಗೂದಲಿಗಿಂತ ತೆಳ್ಳಗಿನ ಒಂದು ಬೇರ್ಪಡಿಸುವ ಪೊರೆ, ಅದನ್ನು ತೋಯಿಸುವ ಸಾವಯವ ದ್ರವ, ಇಷ್ಟೇ ಇರುವುದು. ಸೆಲ್ ಪೂರ್ತಿ ತುಂಬಿ 4.2ರಿಂದ 4.4 ವೋಲ್ಟ್ ಆಸುಪಾಸಿನಲ್ಲಿ ನಿಂತಾಗ ಈ ದ್ರವ ಧ್ರುವಗಳ ಮೇಲ್ಮೈಯಲ್ಲಿ ಸ್ವಲ್ಪಸ್ವಲ್ಪವಾಗಿ ಒಡೆಯುತ್ತದೆ, ಬಿಸಿ ಹೆಚ್ಚಿದಷ್ಟೂ ಅದು ವೇಗವಾಗಿ ನಡೆಯುತ್ತದೆ, ಇಂಗಾಲದ ಡೈಆಕ್ಸೈಡ್, ಇಂಗಾಲದ ಮಾನಾಕ್ಸೈಡ್, ಎಥಿಲೀನ್‌ನಂಥ ಅನಿಲಗಳು ಹೊರಹೋಗಲು ದಾರಿಯಿಲ್ಲದೆ ಚೀಲವನ್ನು ಉಬ್ಬಿಸುತ್ತವೆ. ನನ್ನ ಲ್ಯಾಪ್‌ಟಾಪ್ ಎರಡೂವರೆ ವರ್ಷ ಚಾರ್ಜರ್ ಕಳಚದೆ ಶೇಕಡಾ 100ರಲ್ಲೇ ಕುಳಿತಿತ್ತು, ಅದೂ ರಾಯಚೂರಿನ ಬೇಸಿಗೆಯಲ್ಲಿ, ಬಿಸಿಲು ಬೀಳುವ ಕಿಟಕಿಯ ಪಕ್ಕದಲ್ಲಿ. ಅನೇಕ ತಯಾರಕರು ಬಳಕೆಗೆ ಸೂಚಿಸುವ ಗರಿಷ್ಠ ಉಷ್ಣಾಂಶ 35 ಡಿಗ್ರಿ. ನಮ್ಮ ಏಪ್ರಿಲ್‌ನಲ್ಲಿ ಹೊರಗೆ ಸಲೀಸಾಗಿ 40 ದಾಟುತ್ತದೆ. ಇದಕ್ಕೆ ವಿರುದ್ಧವಾಗಿ, ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟ ಬ್ಯಾಟರಿಯೂ ಕೆಡುತ್ತದೆ, ಅದನ್ನು ಮತ್ತೆ ಚಾರ್ಜ್‌ಗೆ ಹಾಕಿದಾಗ ಊದಬಹುದು. ಅಗ್ಗದ ನಕಲಿ ಬ್ಯಾಟರಿ ಮತ್ತು ಬಿದ್ದ ಪೆಟ್ಟು ಉಳಿದ ಕಾರಣಗಳು.

ಉಬ್ಬಿದ್ದೆಲ್ಲವೂ ಸಿಡಿಯುತ್ತದೆಂದು ಹೇಳಿದರೆ ಸುಳ್ಳಾಗುತ್ತದೆ, ಬಹಳಷ್ಟು ಬ್ಯಾಟರಿಗಳು ಸುಮ್ಮನೆ ಊದಿಕೊಂಡೇ ಇರುತ್ತವೆ. ಅಪಾಯ ಇರುವುದು ಆ ತೆಳು ಪೊರೆಯಲ್ಲಿ. ಒತ್ತಡದಿಂದಲೋ ಚುಚ್ಚುವುದರಿಂದಲೋ ಅದು ಹರಿದು ಧ್ರುವಗಳು ಒಂದಕ್ಕೊಂದು ತಾಗಿದರೆ, ಹುಟ್ಟುವ ಶಾಖವೇ ಇನ್ನಷ್ಟು ಶಾಖವನ್ನು ಹುಟ್ಟಿಸುತ್ತ ಕ್ಷಣಗಳಲ್ಲಿ ಬೆಂಕಿಗೆ ತಲುಪಬಹುದು. ನಿಘಂಟಿನ ಭಾರ, ಬಿಗಿದ ಸ್ಕ್ರೂಗಳು ಮತ್ತು ನಿಲ್ಲದ ಚಾರ್ಜಿಂಗ್, ಈ ಮೂರನ್ನೂ ನಾನು ಒಟ್ಟುಗೂಡಿಸಿದ್ದೆ.

ಆದುದರಿಂದ ಅನುಮಾನ ಬಂದ ತಕ್ಷಣ ಚಾರ್ಜರ್ ತೆಗೆದು, ಲ್ಯಾಪ್‌ಟಾಪನ್ನು ಸ್ಲೀಪ್‌ನಲ್ಲಿ ಬಿಡದೆ ಪೂರ್ತಿ ಬಂದ್ ಮಾಡಬೇಕು. ಕಡತಗಳ ನಕಲು ಬೇಕಿದ್ದರೂ ಮತ್ತೆ ಚಾರ್ಜ್‌ಗೆ ಹಾಕಬಾರದು, ಡ್ರೈವನ್ನು ಹೊರತೆಗೆದೋ ಬ್ಯಾಟರಿ ಬದಲಿಸಿದ ಮೇಲೋ ಪಡೆದರಾಯಿತು. ಹಾಸಿಗೆ, ಪರದೆ, ಕಾಗದಗಳಿಂದ ದೂರ, ನೆರಳಿರುವ ಕಲ್ಲು ಅಥವಾ ಟೈಲ್ಸ್ ನೆಲದ ಮೇಲೆ ಇಡಬೇಕು. ಮುಚ್ಚಳವನ್ನು ಒತ್ತಿ ಮುಚ್ಚಬಾರದು. ಸೂಜಿಯಿಂದ ಗಾಳಿ ತೆಗೆದರೆ ಸರಿಹೋಗುತ್ತದೆ ಎನ್ನುವವರೂ, ಫ್ರಿಜ್‌ನಲ್ಲಿಡಿ ಎನ್ನುವವರೂ ಸಿಗುತ್ತಾರೆ. ಮೊದಲನೆಯದು ಬೆಂಕಿಗೆ ನೇರ ದಾರಿ. ತಂಪಿಗೆ ಉಬ್ಬು ತುಸು ಇಳಿದಂತೆ ಕಂಡರೂ ಒಡೆದ ದ್ರವ ಮೊದಲಿನಂತಾಗದು, ಮೇಲಾಗಿ ಒಳಗೆ ತೇವ ಕಟ್ಟಿಕೊಳ್ಳುತ್ತದೆ. ಹೊಗೆ ಕಂಡರೆ ಅದನ್ನು ಉಸಿರಾಡದೆ, ಎಲ್ಲರನ್ನೂ ಹೊರಗೆ ಕಳುಹಿಸಿ, 112ಕ್ಕೆ ಕರೆ ಮಾಡಬೇಕು.

ರಿಪೇರಿಗೆ ಒಯ್ಯುವಾಗ ಮಧ್ಯಾಹ್ನದ ಬಿಸಿಲಿನಲ್ಲಿ ಸ್ಕೂಟರ್ ಡಿಕ್ಕಿಯಲ್ಲಿಯೋ ನಿಲ್ಲಿಸಿದ ಕಾರಿನಲ್ಲಿಯೋ ಬಿಡಬಾರದು, ಕೊರಿಯರ್‌ನಲ್ಲಿಯೂ ಕಳುಹಿಸಬಾರದು. ವಿಮಾನದಲ್ಲಂತೂ ಊದಿದ ಬ್ಯಾಟರಿಗೆ ಅವಕಾಶವೇ ಇಲ್ಲ. ಅಂಗಡಿಯವರು ಮೊದಲು ಬ್ಯಾಟರಿಯ ಕನೆಕ್ಟರ್ ಕಳಚುತ್ತಾರೆಯೇ, ಅಂಟಿದ ಸೆಲ್ ಬಿಡಿಸಲು ಪ್ಲಾಸ್ಟಿಕ್ ಪಟ್ಟಿ ಬಳಸುತ್ತಾರೆಯೇ ಅಥವಾ ಸ್ಕ್ರೂಡ್ರೈವರ್ ತೂರಿಸುತ್ತಾರೆಯೇ ಎಂದು ಗಮನಿಸುವುದು ಒಳ್ಳೆಯದು. ಎರಡನೆಯ ರಿಪೇರಿಯವರು ಅಂಟನ್ನು ಸಡಿಲಿಸಲು ಅರ್ಧ ಗಂಟೆ ತೆಗೆದುಕೊಂಡು, ತೆಗೆದ ಬ್ಯಾಟರಿಯನ್ನು ಮರಳು ತುಂಬಿದ ಬಕೆಟ್‌ನಲ್ಲಿಟ್ಟರು. ಬ್ಯಾಟರಿಗೆ 4,600 ರೂಪಾಯಿ, ಸೀಳಿದ ಟಚ್‌ಪ್ಯಾಡ್ ಮತ್ತು ಬಾಗಿದ ಮೇಲ್ಕವಚಕ್ಕೆ 8,900 ರೂಪಾಯಿ ತೆತ್ತೆ. ಲ್ಯಾಪ್‌ಟಾಪ್ ಟೇಬಲ್ ಮೇಲೆ ತೂಗಾಡಿದ ದಿನವೇ ಬಿಚ್ಚಿಸಿದ್ದರೆ ಎರಡನೆಯ ಖರ್ಚು ಇರುತ್ತಿರಲಿಲ್ಲ.

ಹಳೆಯ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ, ಕಸದ ಲಾರಿಯ ಒತ್ತುವ ಯಂತ್ರದಲ್ಲಿ ಅದು ಹೊತ್ತಿಕೊಳ್ಳಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಯ ಸಂಗ್ರಹದ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ, ನಾನು ಅದನ್ನು ಕಂಪನಿಯ ಸೇವಾ ಕೇಂದ್ರಕ್ಕೆ ಒಪ್ಪಿಸಿದೆ. ಹೊಸ ಬ್ಯಾಟರಿಯ ಚಾರ್ಜ್ ಶೇಕಡಾ 80ಕ್ಕೆ ನಿಲ್ಲುವಂತೆ ಲ್ಯಾಪ್‌ಟಾಪ್‌ನ ಸೆಟ್ಟಿಂಗ್‌ನಲ್ಲಿಯೇ ಗೊತ್ತುಪಡಿಸಿ, ಟೇಬಲನ್ನು ಕಿಟಕಿಯಿಂದ ಸರಿಸಿದ್ದೇನೆ.