6% ಡಿವಿಡೆಂಡ್ ಷೇರು, 0.8% ಡಿವಿಡೆಂಡ್ ಷೇರು: ಎರಡು ವರ್ಷದ ಲೆಕ್ಕ

2023ರ ಆಗಸ್ಟ್‌ನಲ್ಲಿ ತಲಾ 25,000 ರೂಪಾಯಿ ಹಾಕಿ ಎರಡು ಕಂಪನಿಗಳ ಷೇರು ಕೊಂಡೆ. ಮೊದಲನೆಯದು 250 ರೂಪಾಯಿಯಂತೆ 100 ಷೇರು, ಎರಡನೆಯದು 500ರಂತೆ 50. ಎರಡನ್ನೂ 2025ರ ಆಗಸ್ಟ್ ಕೊನೆಯಲ್ಲಿ ಮಾರಿದೆ.

ಮೊದಲನೆಯದನ್ನು ಕೊಳ್ಳುವಂತೆ ಮಾಡಿದ್ದು ‘150% ಡಿವಿಡೆಂಡ್’ ಎಂಬ ಸುದ್ದಿ. ಆ ಶೇಕಡಾವಾರು ನಾವು ಕೊಡುವ ಬೆಲೆಯ ಮೇಲಲ್ಲ, ಷೇರಿನ ಮುಖಬೆಲೆಯ ಮೇಲೆ. ಮುಖಬೆಲೆ 10 ರೂಪಾಯಿ, ಹಾಗಾಗಿ ಕೈಗೆ ಬರುವುದು ಷೇರಿಗೆ 15. ನಾನು ಕೊಟ್ಟ 250ಕ್ಕೆ ಹೋಲಿಸಿದರೆ ಅದು 6%. ಎರಡನೆಯ ಕಂಪನಿ ವರ್ಷಕ್ಕೆ 4 ರೂಪಾಯಿ ಕೊಡುತ್ತಿತ್ತು, ಅಂದರೆ 0.8% ಮಾತ್ರ.

ಮಾರುವಾಗ ಮೊದಲನೆಯದರ ಬೆಲೆ 230ಕ್ಕೆ ಇಳಿದಿತ್ತು. ಎರಡು ವರ್ಷದ ಡಿವಿಡೆಂಡ್ 30 ರೂಪಾಯಿ, ಬೆಲೆಯಲ್ಲಿ ಹೋದದ್ದು 20, ಉಳಿದದ್ದು 10. 250ರ ಮೇಲೆ 10 ಎಂದರೆ ಎರಡು ವರ್ಷಕ್ಕೆ 4%. ಎರಡನೆಯದನ್ನು 590ಕ್ಕೆ ಮಾರಿದೆ. ಬೆಲೆಯಲ್ಲಿ 90, ಡಿವಿಡೆಂಡ್ 8, ಒಟ್ಟು 98. ಅದು 500ರ ಮೇಲೆ 19.6%, ವರ್ಷಕ್ಕೆ ಸುಮಾರು 9.4% ಚಕ್ರಬಡ್ಡಿಯ ಹಾಗೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಬೆಲೆ 230 ಆದಾಗ ಮೊಬೈಲ್ ಆ್ಯಪಿನಲ್ಲಿ ಮೊದಲನೆಯದರ ಡಿವಿಡೆಂಡ್ ಯೀಲ್ಡ್ 6.5% ಎಂದು ಏರಿಬಿಟ್ಟಿತ್ತು. ಕಂಪನಿ ಒಂದು ಪೈಸೆಯನ್ನೂ ಹೆಚ್ಚಿಗೆ ಕೊಟ್ಟಿರಲಿಲ್ಲ. ಅದೇ 15 ರೂಪಾಯಿಯನ್ನು ಇಳಿದ ಬೆಲೆಯಿಂದ ಭಾಗಿಸಿದ್ದರು, ಅಷ್ಟೆ. ಯೀಲ್ಡ್ ಏರಿದ್ದು ಕಂಡರೆ ನಾನೀಗ ಮೊದಲು ನೋಡುವುದು ಡಿವಿಡೆಂಡ್ ಹೆಚ್ಚಿತೋ, ಬೆಲೆ ಕುಸಿಯಿತೋ ಎಂದು. ಒಂದೇ ಸಲಕ್ಕೆ ಕೊಟ್ಟ ವಿಶೇಷ ಡಿವಿಡೆಂಡ್ ಸೇರಿದ್ದರೂ ಯೀಲ್ಡ್ ಹೀಗೇ ಉಬ್ಬಿ ಕಾಣುತ್ತದೆ.

ತೆರಿಗೆ ಸೇರಿಸಿದರೆ ಅಂತರ ಇನ್ನೂ ದೊಡ್ಡದು. ಡಿವಿಡೆಂಡ್ ನಮ್ಮ ಉಳಿದ ಆದಾಯದ ಜೊತೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆಗೆ ಬರುತ್ತದೆ. ನನ್ನದು 20% ಸ್ಲ್ಯಾಬ್. ಸೆಸ್ ಸೇರಿ 3,000ಕ್ಕೆ 624 ರೂಪಾಯಿ ಹೋಯಿತು. ಮಾರಿ ಕಳೆದುಕೊಂಡ 2,000ವನ್ನು ಡಿವಿಡೆಂಡ್ ಆದಾಯದಿಂದ ಕಳೆಯಲು ಬರುವುದಿಲ್ಲ. ಹಾಗಾಗಿ 1,000 ಲಾಭದಲ್ಲಿ ಉಳಿದದ್ದು 376, ಅಂದರೆ 1.5%. ಎರಡನೆಯದರ 4,500 ದೀರ್ಘಾವಧಿ ಲಾಭ, ವರ್ಷಕ್ಕೆ 1.25 ಲಕ್ಷದ ಮಿತಿಯೊಳಗಿದ್ದುದರಿಂದ ಅದಕ್ಕೆ ತೆರಿಗೆಯೇ ಬೀಳಲಿಲ್ಲ. 400 ರೂಪಾಯಿ ಡಿವಿಡೆಂಡಿಗೆ 83 ಕಟ್ಟಿದೆ.

ಹಾಗೆಂದು ಮೊದಲನೆಯದು ಕೆಟ್ಟ ಷೇರು ಎನ್ನಲಾರೆ. ತೆರಿಗೆಗೆ ಮುಂಚಿನ ಲೆಕ್ಕದಲ್ಲಿ ಅದು 269ಕ್ಕೆ ಮಾರಾಟವಾಗಿದ್ದರೆ ಎರಡೂ ಸಮ. ಎರಡನೆಯದು 512ರಲ್ಲೇ ನಿಂತಿದ್ದರೂ ಸಮವೇ. ಈಗ ಯಾವುದೇ ಷೇರು ಕೊಳ್ಳುವ ಮುಂಚೆ ಈ ಸಮಬೆಲೆಯನ್ನು ಡೈರಿಯಲ್ಲಿ ಬರೆದಿಡುತ್ತೇನೆ, ಡಿವಿಡೆಂಡ್ ಜಮೆಯಾದಾಗಲೆಲ್ಲ ತಿದ್ದುತ್ತೇನೆ.