ಗ್ರೂಪಿನ ಚಾಟನ್ನು ಒಂದೇ ಇಂಗ್ಲಿಷಿಗೆ ಇಳಿಸಿ ಮೇಲಿನವರಿಗೆ ಕಳಿಸುತ್ತೀರಾ? ಹುಷಾರು

ಪೀಣ್ಯದ ಒಂದು ಪಂಪ್‌ಸೆಟ್ ಕಂಪನಿಯಲ್ಲಿ ನಾನು ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಸೇಲ್ಸ್ ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ಕೊಯಮತ್ತೂರಿನವರು ತಮಿಳು, ವಿಜಯವಾಡದವರು ತೆಲುಗು, ಪುಣೆಯವರು ಹಿಂದಿ, ನಡುನಡುವೆ ಇಂಗ್ಲಿಷ್. ರೀಜನಲ್ ಹೆಡ್‌ಗೆ ಓದೋಕೆ ಕಷ್ಟ ಅಂತ, ದಿನಾ ಸಂಜೆ ಅದನ್ನೆಲ್ಲ ಒಂದೇ ಥರದ ಇಂಗ್ಲಿಷಿಗೆ ತಿರುಗಿಸಿ ಶೀಟ್ ಮಾಡೋ ಕೆಲಸವನ್ನು ಹೊರಗಿನವರಿಗೆ ಕೊಟ್ಟರು. ಶೀಟ್ ನೋಡೋಕೆ ಚೆನ್ನಾಗೇ ಇತ್ತು.

ಕೊಯಮತ್ತೂರಿನ ಒಬ್ಬ ಡೀಲರ್‌ಗೆ ನಮ್ಮಲ್ಲಿ ಕ್ರೆಡಿಟ್ ಲಿಮಿಟ್ 5 ಲಕ್ಷ. ಬಾಕಿ ಆಗಲೇ 4 ಲಕ್ಷ 60 ಸಾವಿರ. ಹೊಸ ಆರ್ಡರ್ 3 ಲಕ್ಷದ್ದು. ಹಳೆ ಬಾಕಿಯಲ್ಲಿ 3 ಲಕ್ಷ ಬರೋ ತನಕ ಮಾಲು ಬಿಡಬಾರದು ಅಂತ ಹೋಲ್ಡ್ ಇತ್ತು. ಅಲ್ಲಿನ ಹುಡುಗ ಗ್ರೂಪಿನಲ್ಲಿ ಬರೆದಿದ್ದು ಇಷ್ಟು: 'ನೆಫ್ಟ್ ಪೋಟ್ಟುಟ್ಟಾಂಗಳಾಂ, ಯುಟಿಆರ್ ಕೇಕ್ಕುರೇನ್'. ದುಡ್ಡು ಹಾಕಿದ್ದಾರಂತೆ, ಆ ವರ್ಗಾವಣೆಗೆ ಬ್ಯಾಂಕ್ ಕೊಡೋ ಯುಟಿಆರ್ ನಂಬರ್ ಕೇಳ್ತೀನಿ ಅಂತ. ಶೀಟಿನಲ್ಲಿ ಬಂದಿದ್ದು 'ಪೇಮೆಂಟ್ ಡನ್ ಬೈ ನೆಫ್ಟ್'. ಕೊನೆಯ ಆ 'ಆಂ' ಹೋಯ್ತು, ಯುಟಿಆರ್ ಇನ್ನೂ ಸಿಕ್ಕಿಲ್ಲ ಅನ್ನೋದೂ ಹೋಯ್ತು. ಹೆಡ್ ಶೀಟ್ ನೋಡಿ ಹೋಲ್ಡ್ ತೆಗೆದರು, ಲಾರಿ ಹೊರಟಿತು.

ದುಡ್ಡು ಬಂದಿರಲೇ ಇಲ್ಲ. ಬಿಲ್ ಆಗಿಹೋಗಿದ್ದರಿಂದ ಅದರ ಜಿಎಸ್‌ಟಿ ನಾವೇ ಕಟ್ಟಬೇಕಾಯ್ತು, ಡೀಲರ್ ಈಗ ಸಣ್ಣ ಸಣ್ಣ ಕಂತಿನಲ್ಲಿ ಕೊಡ್ತಿದ್ದಾನೆ. ಬೈಸಿಕೊಂಡಿದ್ದು ಮಾತ್ರ ಸರಿಯಾಗಿ ಬರೆದಿದ್ದ ಆ ಹುಡುಗ. ನನಗೆ ಇವತ್ತಿಗೂ ಅದೇ ಸಂಕಟ.

ನಮ್ಮಲ್ಲಿ 'ಬಂತು' ಬೇರೆ, 'ಬಂತಂತೆ' ಬೇರೆ, ಅಲ್ವಾ? ತಮಿಳು, ತೆಲುಗಿನಲ್ಲೂ ಹಾಗೇ, ಕೇಳಿದ ಮಾತು ಅನ್ನೋದನ್ನು ಪದದ ಬಾಲದಲ್ಲೇ ಹೇಳಿಬಿಡ್ತಾರೆ. ಹಿಂದಿಯವರು 'ಬೋಲ್ ರಹಾ ಹೈ' ಅಂತ ಸೇರಿಸ್ತಾರೆ. ವಾಕ್ಯ ಚಿಕ್ಕದು ಮಾಡೋ ಭರದಲ್ಲಿ ಮೊದಲು ಹಾರಿಹೋಗೋದು ಇದೇ. ಆಮೇಲೆ ಹುಡುಗ ಕಣ್ಣಾರೆ ಕಂಡಿದ್ದೂ, ಡೀಲರ್ ಫೋನಲ್ಲಿ ಹೇಳಿದ್ದೂ ಒಂದೇ ಥರ ಕಾಣುತ್ತವೆ. ಶೀಟಿನಲ್ಲಿ ಎಲ್ಲ ಸಾಲೂ 'ಡನ್', 'ಕನ್ಫರ್ಮ್ಡ್' ಅಂತಲೇ ಮುಗಿದಿದ್ದರೆ, ಒಂದೇ ಒಂದು ಕಡೆಯೂ 'ಡೀಲರ್ ಸೇಸ್' ಇಲ್ಲದಿದ್ದರೆ, ಅಲ್ಲೇ ಅನುಮಾನ ಪಡಿ.

ಇಂಥ ಶೀಟ್ ಮಾಡಿಸೋದಾದರೆ ಮೂಲ ಮೆಸೇಜು, ಬರೆದವರ ಹೆಸರು, ಟೈಮು, ಮೂರೂ ಪಕ್ಕದ ಕಾಲಮ್ಮಿನಲ್ಲಿ ಹಾಗೇ ಇರಲಿ. ಹೇಳಿದ್ದು ಯಾರು ಅನ್ನೋದಕ್ಕೆ ಇನ್ನೊಂದು ಕಾಲಮ್ ಇರಲಿ. ದುಡ್ಡು ಬಂತು ಅಂತ ಬರೆಯೋ ಅಧಿಕಾರ ಅಕೌಂಟ್ಸ್‌ನವರಿಗೆ ಮಾತ್ರ, ಅದೂ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದ ಮೇಲೆ. 2019ರ ಡಿಸೆಂಬರಿನಿಂದ ನೆಫ್ಟ್ ಹಗಲೂ ರಾತ್ರಿ ಅರ್ಧ ಗಂಟೆಗೊಮ್ಮೆ ನಡೆಯುತ್ತೆ, ಭಾನುವಾರವೂ ಬಿಡುವಿಲ್ಲ. ನಿಜವಾಗಿ ಹಾಕಿದ್ದರೆ ಸಾಮಾನ್ಯವಾಗಿ ಎರಡು ಮೂರು ಗಂಟೆಯೊಳಗೆ ಖಾತೆಯಲ್ಲಿ ಕಾಣಬೇಕು. ಬೆಳಿಗ್ಗೆ ಹಾಕಿದ್ದು ಸಂಜೆಯಾದರೂ ಬರದೆ, ಯುಟಿಆರೂ ಕೊಡದೆ ಇದ್ದರೆ ಶೀಟ್ ಏನೇ ಹೇಳಲಿ, ಲಾರಿ ಗೇಟ್ ದಾಟಿಸಬೇಡಿ.