ಸೋಡಿ ಲೆಕ್ಕಕ್ಕೆ ನೂರು, ಸೂತ್ರ, ಗುಣಕ: ಯಾವುದು ಎಲ್ಲಿ ಕೈಕೊಡುತ್ತದೆ?

ಲಾಭ, ನಷ್ಟ, ಸರಣಿ ಸೋಡಿಯ ಲೆಕ್ಕ ಬಿಡಿಸಲು ಮೂರು ದಾರಿ ರೂಢಿಯಲ್ಲಿವೆ. ಒಂದು, ಬೆಲೆಯನ್ನು ನೂರು ಎಂದು ಹಿಡಿಯುವುದು. ಎರಡು, a + b + ab/100 ಎಂಬ ಸೂತ್ರ; a, b ಎಂದರೆ ಒಂದರ ಹಿಂದೆ ಒಂದು ಬರುವ ಎರಡು ಶೇಕಡಾ, ಇಳಿಕೆಯಾದರೆ ಋಣ ಚಿಹ್ನೆ. ಮೂರು, ಪ್ರತಿ ಶೇಕಡಾವನ್ನೂ ಭಿನ್ನರಾಶಿಯ ಗುಣಕ ಮಾಡಿಕೊಳ್ಳುವುದು. ನನ್ನ ಆಯ್ಕೆ ಮೂರನೆಯದು.

ಮೊದಲು ಸುಲಭದ ಲೆಕ್ಕ. ವ್ಯಾಪಾರಿ ಕೊಂಡ ಬೆಲೆಯ ಮೇಲೆ ಶೇ 40 ಏರಿಸಿ ಬೆಲೆ ನಮೂದಿಸುತ್ತಾನೆ. ಆಮೇಲೆ ಶೇ 20, ಅದರ ಮೇಲೆ ಶೇ 10 ಸೋಡಿ ಬಿಡುತ್ತಾನೆ. ಲಾಭ ಎಷ್ಟು? 40ರಲ್ಲಿ 30 ಕಳೆದು 10 ಎನ್ನುವವರೇ ಹೆಚ್ಚು. ನೂರರ ದಾರಿಯಲ್ಲಿ 100, 140, 112, 100.80 ಎಂದು ಸಾಗಿ, ಲಾಭ ಬರೀ ಶೇ 0.8 ಎಂದು ತಿಳಿಯುತ್ತದೆ. 40 ಲೆಕ್ಕ ಹಾಕಿದ್ದು 100ರ ಮೇಲೆ, 20 ಲೆಕ್ಕ ಹಾಕಿದ್ದು 140ರ ಮೇಲೆ, 10 ಲೆಕ್ಕ ಹಾಕಿದ್ದು 112ರ ಮೇಲೆ. ಇಂಥ ನೇರ ಲೆಕ್ಕದಲ್ಲಿ ಮೂರೂ ದಾರಿ ಸರಿಸಮ.

ತೊಡಕು ಶುರುವಾಗುವುದು ಪ್ರಶ್ನೆ ತಿರುಗಿದಾಗ. ಶೇ 20 ಮತ್ತು ಶೇ 10 ಸೋಡಿ ಬಿಟ್ಟ ಮೇಲೂ ಶೇ 20 ಲಾಭ ಉಳಿಯಬೇಕು. ಕೊಂಡ ಬೆಲೆಗಿಂತ ಶೇಕಡಾ ಎಷ್ಟು ಹೆಚ್ಚು ನಮೂದಿಸಬೇಕು? ನೂರು ಹಿಡಿಯುವವರು ಇಲ್ಲಿ ನಮೂದಿತ ಬೆಲೆಗೆ 100 ಕೊಡುತ್ತಾರೆ. ಮಾರಿದ ಬೆಲೆ 72 ಆಗುತ್ತದೆ. ಇಲ್ಲಿಂದ ಎರಡು ಕಡೆ ಕಾಲು ಜಾರುತ್ತದೆ. ಲಾಭ ಶೇ 20 ಅಲ್ಲವೇ ಎಂದು 72ರಲ್ಲೇ ಶೇ 20 ಕಳೆದರೆ 57.60 ಬರುತ್ತದೆ, ಅದು ತಪ್ಪು. ಲಾಭ ಲೆಕ್ಕಕ್ಕೆ ಬರುವುದು ಕೊಂಡ ಬೆಲೆಯ ಮೇಲೆ, ಹಾಗಾಗಿ 72ನ್ನು 6/5ರಿಂದ ಭಾಗಿಸಬೇಕು. ಆಗ ಕೊಂಡ ಬೆಲೆ 60. ಇಷ್ಟು ಸರಿಯಾಗಿ ಬಂದವರೂ ಕೊನೆಯ ಹೆಜ್ಜೆಯಲ್ಲಿ ಎಡವುತ್ತಾರೆ: 100ಕ್ಕೂ 60ಕ್ಕೂ ವ್ಯತ್ಯಾಸ 40, ಆದ್ದರಿಂದ ಶೇ 40 ಎಂದು ಬರೆಯುತ್ತಾರೆ. ಆದರೆ ಕೇಳಿದ್ದು ಕೊಂಡ ಬೆಲೆಗಿಂತ ಎಷ್ಟು ಹೆಚ್ಚು ಎಂದು. 40ನ್ನು 60ರ ಮೇಲೆ ನೋಡಿದರೆ ಶೇ 66⅔. ನೂರು ಎಂಬ ಅಂಕಿ ಕಣ್ಣೆದುರಿಗೆ ಇದ್ದರೆ, ಅದೇ ಆಧಾರ ಎಂದು ಮನಸ್ಸು ಒಪ್ಪಿಬಿಡುತ್ತದೆ. ಈ ದಾರಿಯ ದೊಡ್ಡ ದೋಷ ಇದೇ.

ಗುಣಕದಲ್ಲಿ ಹೀಗೆ ಬರೆದುಕೊಳ್ಳಿ: ಕೊಂಡ ಬೆಲೆ → ನಮೂದಿತ ಬೆಲೆ → ಮಾರಿದ ಬೆಲೆ. ಶೇ 20 ಸೋಡಿ ಎಂದರೆ 4/5, ಶೇ 10 ಸೋಡಿ 9/10, ಶೇ 20 ಲಾಭ 6/5. ಬಾಣದ ದಿಕ್ಕಿನಲ್ಲಿ ಹೋದರೆ ಗುಣಿಸಬೇಕು, ಎದುರು ಹೋದರೆ ಭಾಗಿಸಬೇಕು. ಕೊಂಡ ಬೆಲೆಯಿಂದ ಮಾರಿದ ಬೆಲೆಗೆ 6/5. ಅಲ್ಲಿಂದ ಹಿಂದಕ್ಕೆ ನಮೂದಿತ ಬೆಲೆಗೆ ಬರಲು 10/9, 5/4.

6/5 × 10/9 × 5/4 = 5/3

ಅಂದರೆ ಕೊಂಡ ಬೆಲೆಗಿಂತ 2/3 ಪಾಲು ಹೆಚ್ಚು, ಶೇ 66⅔. ಆಧಾರ ಯಾವುದೆಂದು ಬೇರೆಯಾಗಿ ನೆನಪಿಡಬೇಕಿಲ್ಲ, ಹೊರಟ ಜಾಗವೇ ಆಧಾರ. ದಶಮಾಂಶದಲ್ಲಿ ಬರೆಯುವುದಕ್ಕಿಂತ ಭಿನ್ನರಾಶಿ ಲೇಸು, ಹೊಡೆದುಹಾಕಲು ಸಿಗುತ್ತದೆ. ಶೇ 12½ ಎಂದರೆ 1/8, ಶೇ 16⅔ ಎಂದರೆ 1/6, ಶೇ 33⅓ ಎಂದರೆ 1/3. ಇವು ಬಾಯಿಗೆ ಬರಬೇಕು.

ಸೂತ್ರ ಎರಡೇ ಹೆಜ್ಜೆಯ ನೇರ ಲೆಕ್ಕಕ್ಕೆ ಎಲ್ಲಕ್ಕಿಂತ ಬೇಗ. ಶೇ 20 ಏರಿಸಿ ಶೇ 20 ಇಳಿಸಿದರೆ ಶೇ 4 ನಷ್ಟ, ಬಾಯಲ್ಲೇ ಬರುತ್ತದೆ. ಆದರೆ ಅದನ್ನು ಸಲ್ಲದ ಕಡೆ ಬಳಸುವವರಿದ್ದಾರೆ. ಎರಡು ವಸ್ತು ಒಂದೇ ಬೆಲೆಗೆ ಮಾರಾಟ, ಒಂದರಲ್ಲಿ ಶೇ 10 ಲಾಭ, ಇನ್ನೊಂದರಲ್ಲಿ ಶೇ 10 ನಷ್ಟ: ಸೂತ್ರ ಶೇ 1 ನಷ್ಟ ಎನ್ನುತ್ತದೆ, ಅದು ಸರಿ. ಅದೇ ಧೈರ್ಯದಲ್ಲಿ ಶೇ 20 ಲಾಭ, ಶೇ 10 ನಷ್ಟಕ್ಕೂ ಹಾಕಿದರೆ ಶೇ 8 ಲಾಭ ಎಂಬ ತಪ್ಪು ಉತ್ತರ. ಎರಡನ್ನೂ 1,080ಕ್ಕೆ ಮಾರಿದರೆ ಕೊಂಡ ಬೆಲೆ 900 ಮತ್ತು 1,200. ಒಟ್ಟು 2,100 ಹಾಕಿ 2,160 ಬಂತು, ಲಾಭ 60, ಶೇ 2 6/7 ಮಾತ್ರ. ಇಲ್ಲಿ ಎರಡು ಬೇರೆ ಬೇರೆ ಆಧಾರಗಳು ಅಕ್ಕಪಕ್ಕ ಇವೆ, ಒಂದರ ಹಿಂದೆ ಒಂದು ಬರುತ್ತಿಲ್ಲ. ಸೂತ್ರ ಸಲ್ಲುವುದು ಸರಪಳಿಗೆ ಮಾತ್ರ.

ಪರೀಕ್ಷೆಗೆ ವಾರವೂ ಉಳಿದಿಲ್ಲದವರು ನೂರರ ದಾರಿಯಲ್ಲೇ ಇರಲಿ, ಆದರೆ ನೂರನ್ನು ಕೊಂಡ ಬೆಲೆಗೆ ಮಾತ್ರ ಕೊಡಲಿ, ನಮೂದಿತ ಬೆಲೆಗೆ x ಇಡಲಿ. ತಿಂಗಳು ಸಮಯವಿದ್ದು, ಪ್ರಶ್ನೆಗೆ ಒಂದು ನಿಮಿಷಕ್ಕಿಂತ ಹೆಚ್ಚು ಕೊಡಲಾಗದವರಿಗೆ ಗುಣಕ. ಅದಕ್ಕೂ ಒಂದು ಮಿತಿಯಿದೆ: ಪ್ರಶ್ನೆಯಲ್ಲಿ ರೂಪಾಯಿ ಲೆಕ್ಕದ ಸೋಡಿ ಬಂದರೆ ಸರಪಳಿ ಅಲ್ಲಿಗೆ ತುಂಡಾಗುತ್ತದೆ. 1,000 ರೂಪಾಯಿಗೆ ಮೊದಲು ಶೇ 10, ಆಮೇಲೆ 100 ರೂಪಾಯಿ ಬಿಟ್ಟರೆ 800. ಮೊದಲು 100 ಬಿಟ್ಟು ಆಮೇಲೆ ಶೇ 10 ಎಂದರೆ 810. ಶೇಕಡಾ ಸೋಡಿಗಳನ್ನು ಹಿಂದುಮುಂದು ಮಾಡಿದರೆ ಏನೂ ಆಗದು, ರೂಪಾಯಿ ಸೋಡಿಯ ಜಾಗ ಬದಲಿಸಿದರೆ ಉತ್ತರವೇ ಬದಲಾಗುತ್ತದೆ.